ಮರಿಬೆಕ್ಕಿನ ಭೇದಿ: ನಿಲ್ಲಿಸಬೇಕಾದದ್ದು ನೀರಿನ ನಷ್ಟ

ಗಂಗಾವತಿಯ ಅಕ್ಕಿ ಗಿರಣಿ, ಗೋದಾಮುಗಳಲ್ಲಿ ಇಲಿಕಾಟಕ್ಕೆ ಬೆಕ್ಕು ಇದ್ದೇ ಇರುತ್ತದೆ. ಮರಿ ಹಾಕಿದ ಮೇಲೆ ಅವುಗಳಲ್ಲಿ ಒಂದೆರಡು ಕುಷ್ಟಗಿಗೋ ಯಲಬುರ್ಗಾಕ್ಕೋ ನೆಂಟರ ಮನೆ ಸೇರುವುದೂ ರೂಢಿ. ಹೊಸ ಮನೆಯಲ್ಲಿ ಅದಕ್ಕೆ ಪ್ರೀತಿಯಿಂದ ಮೊದಲು ಇಡುವುದು ಬಟ್ಟಲು ತುಂಬ ಎಮ್ಮೆ ಹಾಲು, ಜೊತೆಗೆ ನೆನೆಸಿದ ಜೋಳದ ರೊಟ್ಟಿ. ಮರಿ ಗಟಗಟನೆ ಕುಡಿಯುತ್ತದೆ. ರಾತ್ರಿ ಕಳೆಯುವಷ್ಟರಲ್ಲಿ ನೀರಿನಂತೆ ಭೇದಿ ಶುರುವಾಗುತ್ತದೆ.

ಆಹಾರ ಒಮ್ಮೆಲೇ ಬದಲಾದರೆ ದೊಡ್ಡ ಬೆಕ್ಕಿಗೂ ಹೊಟ್ಟೆ ಕೆಡುತ್ತದೆ, ಆದರೆ ಎರಡು ದಿನದಲ್ಲಿ ಸಾಮಾನ್ಯವಾಗಿ ಸುಧಾರಿಸಿಕೊಳ್ಳುತ್ತದೆ. ಐದು ವಾರದ ಮರಿಗೆ ಆ ಎರಡು ದಿನದ ಸಮಯ ಇರುವುದಿಲ್ಲ. ಅದರ ಜೀವಕ್ಕೆ ಕುತ್ತು ತರುವುದು ಭೇದಿಯ ಜೊತೆಗೆ ಹೊರಗೆ ಹೋಗುವ ನೀರು ಮತ್ತು ಲವಣ. ಅದಕ್ಕೇ ಭೇದಿ ನಿಲ್ಲಿಸುವ ಔಷಧಿ ಹುಡುಕುವ ಮೊದಲು, ಎಷ್ಟು ನೀರು ಹೋಗಿದೆ ಎಂದು ತಿಳಿಯಬೇಕು.

ಹಾಲು ಏಕೆ ಒಗ್ಗುವುದಿಲ್ಲ

ತಾಯಿಬೆಕ್ಕಿನ ಹಾಲಿನಲ್ಲೂ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ಆದರೆ ಅದರಲ್ಲಿ ಪ್ರೋಟೀನು ಹಸುವಿನ ಹಾಲಿನದಕ್ಕಿಂತ ಸುಮಾರು ಎರಡು ಪಟ್ಟು ಇರುವುದರಿಂದ, ಮರಿ ಸ್ವಲ್ಪ ಸ್ವಲ್ಪವೇ ಕುಡಿದು ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಹಸುವಿನ ಹಾಲಿನಿಂದ ಅಷ್ಟೇ ಪೋಷಣೆ ಸಿಗಬೇಕಾದರೆ ಹೆಚ್ಚು ಕುಡಿಯಬೇಕು, ಅದರೊಂದಿಗೆ ಲ್ಯಾಕ್ಟೋಸೂ ಹೆಚ್ಚು ಹೋಗುತ್ತದೆ. ಎಮ್ಮೆ ಹಾಲಿನಲ್ಲಿ ಕೊಬ್ಬಿನ ಭಾರವೂ ಸೇರಿಕೊಳ್ಳುತ್ತದೆ. ಇದೇ ಹೊತ್ತಿಗೆ, ತಾಯಿಯ ಹಾಲು ಬಿಡುವ ವಯಸ್ಸಿನಲ್ಲಿ, ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಮರಿಯ ಕರುಳಿನಲ್ಲಿ ಕಡಿಮೆಯಾಗುತ್ತ ಬರುತ್ತದೆ.

ಒಡೆಯದೆ ಉಳಿದ ಸಕ್ಕರೆ ದೊಡ್ಡ ಕರುಳಿಗೆ ಇಳಿದು, ಮೈಯೊಳಗಿನ ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಗಾಳಿ, ಆಮ್ಲ ಹುಟ್ಟಿಸುತ್ತವೆ. ಹೊಟ್ಟೆ ಉಬ್ಬುತ್ತದೆ, ಮಲ ನೀರಾಗುತ್ತದೆ. ರೊಟ್ಟಿಯ ಪಿಷ್ಟದ್ದೂ ಇದೇ ಕಥೆ. ಬೆಕ್ಕು ಮಾಂಸಾಹಾರಿ ಪ್ರಾಣಿ, ಪಿಷ್ಟ ಒಡೆಯುವ ಕಿಣ್ವ ಅದರ ಜೊಲ್ಲಿನಲ್ಲಿಲ್ಲ, ಮೇದೋಜೀರಕದಲ್ಲೂ ಅಷ್ಟಕ್ಕಷ್ಟೆ.

ಒಳ್ಳೆಯ ಆಹಾರಕ್ಕೆ ಬದಲಾಯಿಸಿದರೂ ಅವಸರ ಮಾಡಿದರೆ ಹೀಗೇ ಆಗುತ್ತದೆ. ಕರುಳಿನ ಕಿಣ್ವಗಳೂ ಬ್ಯಾಕ್ಟೀರಿಯಾಗಳೂ ನಿನ್ನೆಯವರೆಗೆ ಬಂದ ಆಹಾರಕ್ಕೆ ಹೊಂದಿಕೊಂಡಿರುತ್ತವೆ, ಹೊಸದಕ್ಕೆ ಹೊಂದಿಕೊಳ್ಳಲು ದಿನಗಳು ಬೇಕು. ಹಾಗಾಗಿಯೇ ಪಶುವೈದ್ಯರು ಒಂದು ವಾರದ ಲೆಕ್ಕ ಹೇಳುತ್ತಾರೆ: ಮೊದಲ ಎರಡು ದಿನ ಕಾಲು ಭಾಗ ಹೊಸದು, ಮುಂದಿನ ಎರಡು ದಿನ ಅರ್ಧ, ಆಮೇಲೆ ಮುಕ್ಕಾಲು, ಏಳನೆಯ ದಿನಕ್ಕೆ ಪೂರ್ತಿ.

ತಕ್ಕಡಿಯ ಲೆಕ್ಕ

ಹುಟ್ಟಿದಾಗ ಸುಮಾರು 100 ಗ್ರಾಂ ಇರುವ ಮರಿ ದಿನಕ್ಕೆ 10ರಿಂದ 15 ಗ್ರಾಂ ಏರುತ್ತ ಐದು ವಾರಕ್ಕೆ ಅರ್ಧ ಕೆ.ಜಿ. ಆಸುಪಾಸು ಬರುತ್ತದೆ. ಅದರ ಮೈಯಲ್ಲಿ ನೀರಿನ ಪಾಲು ದೊಡ್ಡ ಬೆಕ್ಕಿಗಿಂತ ಹೆಚ್ಚು. ಮೂತ್ರವನ್ನು ಗಟ್ಟಿಮಾಡಿ ನೀರುಳಿಸುವ ಶಕ್ತಿ ಅದರ ಮೂತ್ರಪಿಂಡಗಳಿಗೆ ಇನ್ನೂ ಪೂರ್ತಿ ಬಂದಿರುವುದಿಲ್ಲ. ಅಂದರೆ ನೀರು ಕಳೆಯುವ ದಾರಿಗಳೆಲ್ಲ ತೆರೆದಿರುತ್ತವೆ, ಉಳಿಸುವ ದಾರಿ ಕಿರಿದಾಗಿರುತ್ತದೆ. ಕೊಪ್ಪಳದ ಏಪ್ರಿಲ್–ಮೇ ಬಿಸಿಲಿನಲ್ಲಿ ಉಸಿರಿನಿಂದ, ಚರ್ಮದಿಂದ ಹೋಗುವ ನೀರು ಬೇರೆ.

ಒಂದು ಉದಾಹರಣೆ ಲೆಕ್ಕ ಮಾಡೋಣ. ನಿನ್ನೆ ಸಂಜೆ 500 ಗ್ರಾಂ ಇದ್ದ ಮರಿ ರಾತ್ರಿಯೆಲ್ಲ ಭೇದಿಯಾಗಿ ಬೆಳಿಗ್ಗೆ 480 ಗ್ರಾಂಗೆ ಇಳಿದಿದೆ. ಒಂದೇ ರಾತ್ರಿಯಲ್ಲಿ ಇಳಿದ ತೂಕ ಬಹುಪಾಲು ನೀರೇ, ಆದ್ದರಿಂದ 20 ಗ್ರಾಂ ಎಂದರೆ ಸುಮಾರು 20 ಮಿ.ಲೀ. ಇದು ಶೇ. 4ರಷ್ಟು ನಷ್ಟ. ಮರಿ ಇನ್ನೂ ಓಡಾಡುತ್ತ ಆಹಾರ ಕೇಳುತ್ತಿದ್ದರೆ ಮನೆಯಲ್ಲೇ ಸರಿಮಾಡಬಹುದು. ಅದೇ ಮರಿ ಸಂಜೆಗೆ 460 ಗ್ರಾಂ ತೂಗಿದರೆ ನಷ್ಟ ಶೇ. 8. ಅರವತ್ತು ಕೆ.ಜಿ.ಯ ಮನುಷ್ಯ ಒಂದೇ ದಿನದಲ್ಲಿ ಸುಮಾರು ಐದು ಲೀಟರ್ ನೀರು ಕಳೆದುಕೊಂಡಂತೆ ಇದು. ಇಲ್ಲಿಂದ ಮುಂದೆ ಮನೆಮದ್ದಿಗೆ ಜಾಗವಿಲ್ಲ.

ಚರ್ಮ ಎತ್ತಿ ಬಿಟ್ಟು ನೋಡುವ ಪರೀಕ್ಷೆ ದೊಡ್ಡ ಪ್ರಾಣಿಗಳಲ್ಲಿ ಉಪಯೋಗಕ್ಕೆ ಬರುತ್ತದೆ, ಇಷ್ಟು ಚಿಕ್ಕ ಮರಿಯಲ್ಲಿ ಅದನ್ನು ನಂಬುವಂತಿಲ್ಲ. ಒಸಡು ಮುಟ್ಟಿ ನೋಡುವುದು ಮೇಲು: ಒದ್ದೆಯಾಗಿ ಜಾರಬೇಕು, ಬೆರಳಿಗೆ ಅಂಟಿದರೆ ನೀರು ಕಡಿಮೆಯಾಗಿದೆ. ಪುಟ್ಟ ಮರಿಯ ಮೂತ್ರ ಬಹುತೇಕ ಬಣ್ಣವಿಲ್ಲದೆ ಇರಬೇಕು, ಬಿಳಿ ಬಟ್ಟೆಯ ಮೇಲೆ ಕಡು ಹಳದಿ ಕಂಡರೆ ಅದೂ ಎಚ್ಚರಿಕೆ. ಇವೆಲ್ಲಕ್ಕಿಂತ ಮೊದಲು ಸುಳಿವು ಕೊಡುವುದು ಒಂದೊಂದು ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ. ಮರಿ ಮನೆಗೆ ಬಂದ ದಿನವೇ ತೂಗಿ ಬರೆದಿಟ್ಟರೆ ಮಾತ್ರ ನಾಳೆಯ ಅಂಕಿಗೆ ಅರ್ಥ ಬರುತ್ತದೆ.

ನೀರು ಕೊಡುವ ಕ್ರಮ

ಬರಿಯ ನೀರಿಗಿಂತ ಓಆರ್‌ಎಸ್ ಏಕೆ? ಸಣ್ಣ ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸನ್ನು ಜೊತೆಯಾಗಿಯೇ ಒಳಗೆ ಬಿಟ್ಟುಕೊಳ್ಳುವ ಬಾಗಿಲುಗಳಿವೆ. ಅವು ಒಳಗೆ ಹೋದಾಗ ನೀರೂ ಹಿಂದೆಯೇ ಹೋಗುತ್ತದೆ. ಭೇದಿಯ ನಡುವೆಯೂ ಈ ಬಾಗಿಲುಗಳು ಬಹುಮಟ್ಟಿಗೆ ಕೆಲಸ ಮಾಡುತ್ತಿರುತ್ತವೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಕಾಲರಾ ರೋಗಿಗಳಿಗೆ ಉಪ್ಪು–ಗ್ಲೂಕೋಸ್ ನೀರು ಕುಡಿಸಿ ಸಾವಿರಾರು ಜೀವ ಉಳಿಸಿದ್ದು ಇದೇ ತತ್ವದಿಂದ. ಬೆಕ್ಕಿನ ಕರುಳಿನಲ್ಲೂ ಇದೇ ಬಗೆಯ ಬಾಗಿಲುಗಳಿವೆ.

ಪೊಟ್ಟಣದ ಮೇಲೆ ಒಂದು ಲೀಟರ್ ಎಂದಿದ್ದರೆ ಪೂರ್ತಿ ಪುಡಿಯನ್ನು ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೇ ಹಾಕಬೇಕು. ಮರಿ ಚಿಕ್ಕದೆಂದು ಒಂದು ಚಿಟಿಕೆ ಪುಡಿಯನ್ನು ಅಂದಾಜಿನಲ್ಲಿ ಲೋಟಕ್ಕೆ ಹಾಕಿದರೆ ಉಪ್ಪು ಹೆಚ್ಚಾಗಿ ಅಪಾಯ. ಡಬ್ಬಿಯಲ್ಲಿ ಬರುವ ಸಿಹಿ ಪಾನೀಯಗಳಂತೂ ಬೇಡವೇ ಬೇಡ, ಅವುಗಳ ಸಕ್ಕರೆ ಭೇದಿಯನ್ನು ಹೆಚ್ಚಿಸುತ್ತದೆ.

480 ಗ್ರಾಂಗೆ ಇಳಿದ ನಮ್ಮ ಮರಿಗೆ ಕಳೆದ 20 ಮಿ.ಲೀ. ಮರಳಬೇಕು, ದಿನದ ಅಗತ್ಯ ಸುಮಾರು 50 ಮಿ.ಲೀ. ಬೇಕು, ಮುಂದುವರಿಯುವ ಭೇದಿಗೆ ಹತ್ತಿಪ್ಪತ್ತು ಮಿ.ಲೀ. ಸೇರಿಸಿದರೆ ದಿನಕ್ಕೆ ಸುಮಾರು 90 ಮಿ.ಲೀ. ಇದರಲ್ಲಿ ಒಂದಿಷ್ಟು ಮೆತ್ತನೆಯ ಆಹಾರದಿಂದಲೇ ಸಿಗುತ್ತದೆ. ಅದರ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಇಪ್ಪತ್ತು ಮಿ.ಲೀ. ಚಿಲ್ಲರೆಯಷ್ಟೇ. ಆದ್ದರಿಂದ ಗಂಟೆಗೆ ಮೂರು ನಾಲ್ಕು ಮಿ.ಲೀ.ನಂತೆ, ಸೂಜಿ ತೆಗೆದ 1 ಮಿ.ಲೀ. ಸಿರಿಂಜಿನಿಂದ ಹನಿ ಹನಿಯಾಗಿ, ಕೆನ್ನೆಯ ಪಕ್ಕದಿಂದ ಬಿಡಬೇಕು. ಮರಿ ಹೊಟ್ಟೆಯ ಮೇಲೆ ಕೂತಿರಬೇಕು. ಅಂಗಾತ ಮಲಗಿಸಿ ಕುಡಿಸಿದರೆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ.

ಮರಿ ತಣ್ಣಗಾಗಿದ್ದರೆ ಬಾಯಿಗೆ ಏನನ್ನೂ ಕುಡಿಸಬಾರದು. ಮೈಶಾಖ ಇಳಿದಾಗ ಕರುಳು ಚಲಿಸುವುದಿಲ್ಲ, ನುಂಗುವ ಶಕ್ತಿಯೂ ಕುಗ್ಗುತ್ತದೆ. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯ ಪಕ್ಕ ನಿಧಾನವಾಗಿ ಬೆಚ್ಚಗೆ ಮಾಡುವುದು ಮೊದಲು. ಚಿಕ್ಕ ಮರಿಯ ಯಕೃತ್ತಿನಲ್ಲಿ ಸಕ್ಕರೆಯ ದಾಸ್ತಾನು ಬಹಳ ಕಡಿಮೆ, ಸೋತು ಬಿದ್ದ ಮರಿಯ ಒಸಡಿಗೆ ಗ್ಲೂಕೋಸ್ ನೀರನ್ನು ಒಂದು ಹನಿ ಸವರಿ, ಆಸ್ಪತ್ರೆಗೆ ಹೊರಡಬೇಕು. ಅಲ್ಲಿ ಬೆಚ್ಚಗೆ ಮಾಡಿದ ರಿಂಗರ್ ಲ್ಯಾಕ್ಟೇಟ್ ದ್ರಾವಣವನ್ನು ಹೆಗಲಿನ ಸಡಿಲ ಚರ್ಮದಡಿ ಕೊಡುತ್ತಾರೆ. ನಷ್ಟ ವಿಪರೀತವಾಗಿದ್ದರೆ ಚರ್ಮದಡಿಯ ನೀರನ್ನು ಹೀರಿಕೊಳ್ಳುವಷ್ಟು ರಕ್ತಸಂಚಾರವೇ ಇರುವುದಿಲ್ಲ, ಆಗ ರಕ್ತನಾಳದ ಮೂಲಕ, ಇಲ್ಲವೇ ಮೂಳೆಯ ಮಜ್ಜೆಯೊಳಗೆ ಕೊಡಬೇಕಾಗುತ್ತದೆ.

ಉಪವಾಸ ಹಾಕಬಾರದು. ಗಿರಣಿಯಲ್ಲಿ ಏನು ತಿನ್ನುತ್ತಿತ್ತು ಎಂದು ಕೇಳಿ ಅದಕ್ಕೇ ಮರಳಬೇಕು. ಇಲ್ಲವೇ ಮರಿಗಳ ಮೆತ್ತನೆಯ ಆಹಾರವನ್ನೋ, ಉಪ್ಪು–ಮಸಾಲೆ–ಈರುಳ್ಳಿ–ಬೆಳ್ಳುಳ್ಳಿ ಸೋಕದ, ಬೇಯಿಸಿ ನುಣ್ಣಗೆ ಮಾಡಿದ ಕೋಳಿಮಾಂಸವನ್ನೋ ಸ್ವಲ್ಪ ಸ್ವಲ್ಪ ಕೊಡಬಹುದು. ಬರೀ ಕೋಳಿಮಾಂಸದಲ್ಲಿ ಸುಣ್ಣದಂಶ ಸಾಲದು, ಹಾಗಾಗಿ ಅದು ಒಂದೆರಡು ದಿನಕ್ಕಷ್ಟೇ.

ಪ್ರೊಬಯಾಟಿಕ್ ಎಷ್ಟರಮಟ್ಟಿಗೆ

ಪ್ರೊಬಯಾಟಿಕ್ ಎಂದರೆ ಸಾಕಷ್ಟು ಸಂಖ್ಯೆಯಲ್ಲಿ ಒಳಗೆ ಹೋದಾಗ ಆರೋಗ್ಯಕ್ಕೆ ನೆರವಾಗುವ ಜೀವಂತ ಸೂಕ್ಷ್ಮಜೀವಿ. ಅದು ಕರುಳಿನಲ್ಲಿ ಕೇಡಿನ ಬ್ಯಾಕ್ಟೀರಿಯಾಗಳೊಡನೆ ಜಾಗಕ್ಕೂ ಆಹಾರಕ್ಕೂ ಪೈಪೋಟಿ ನಡೆಸುತ್ತದೆ, ಕರುಳಿನ ರೋಗನಿರೋಧಕ ಕೋಶಗಳನ್ನೂ ಪ್ರಭಾವಿಸುತ್ತದೆ. ಬೆಕ್ಕುಗಳಲ್ಲಿ ಚೆನ್ನಾಗಿ ಪರೀಕ್ಷೆಗೆ ಒಳಪಟ್ಟದ್ದು ಎಂಟರೊಕಾಕಸ್ ಫೀಸಿಯಂ ಎಂಬ ಬ್ಯಾಕ್ಟೀರಿಯಾದ ಎಸ್‌ಎಫ್68 ತಳಿ. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಪ್ರಾಣಿ ಆಶ್ರಯತಾಣದ ಬೆಕ್ಕುಗಳಿಗೆ ಇದನ್ನು ಕೊಟ್ಟಾಗ, ಎರಡು ದಿನ ಅಥವಾ ಹೆಚ್ಚು ಭೇದಿಯಾದವು ಶೇ. 7.4. ಹುಸಿ ಔಷಧಿ ಪಡೆದ ಗುಂಪಿನಲ್ಲಿ ಅದು ಶೇ. 20.7. ಅದೇ ಅಧ್ಯಯನದ ನಾಯಿಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಇದರಿಂದ ಎರಡು ವಿಷಯ ತಿಳಿಯುತ್ತವೆ. ಒಂದು, ಫಲ ತಳಿಗೂ ಪ್ರಾಣಿಗೂ ಕಟ್ಟುಬಿದ್ದಿದೆ. ಮಕ್ಕಳಿಗೆಂದು ಮೆಡಿಕಲ್ ಶಾಪಿನಲ್ಲಿ ಸಿಗುವ ಯಾವುದೋ ಪುಡಿ ಬೆಕ್ಕಿಗೂ ಅಷ್ಟೇ ಕೆಲಸ ಮಾಡುತ್ತದೆ ಎನ್ನಲು ಬರುವುದಿಲ್ಲ. ಎರಡು, ಇದು ದೀರ್ಘ ಭೇದಿಯ ಸಾಧ್ಯತೆಯನ್ನು ತಗ್ಗಿಸುತ್ತದೆ, ಹೋದ ನೀರನ್ನು ತುಂಬಿಕೊಡುವುದಿಲ್ಲ. ಪ್ರೊಬಯಾಟಿಕ್ ತಿಂದ ಮರಿಯೂ ನೀರಿಲ್ಲದೆ ಸಾಯಬಹುದು. ಆ್ಯಂಟಿಬಯಾಟಿಕ್ ನಡೆಯುತ್ತಿದ್ದರೆ ಎರಡರ ನಡುವೆ ಕೆಲವು ಗಂಟೆ ಅಂತರ ಇಡಬೇಕು, ಇಲ್ಲವಾದರೆ ಕೊಟ್ಟ ಬ್ಯಾಕ್ಟೀರಿಯಾ ಸಾಯುತ್ತವೆ. ಬೇಸಿಗೆಯಲ್ಲಿ ಪೊಟ್ಟಣವನ್ನು ತಂಪಾದ, ಒಣ ಜಾಗದಲ್ಲಿ ಇಡುವುದೂ ಅದಕ್ಕೇ.

ಮೊಸರು, ಮಜ್ಜಿಗೆ ಸಾಲದೇ ಎಂದು ನಮ್ಮ ಕಡೆ ಕೇಳುವುದು ಸಹಜ. ಹೆಪ್ಪಿನ ಬ್ಯಾಕ್ಟೀರಿಯಾ ಹಾಲಿನ ಲ್ಯಾಕ್ಟೋಸಿನ ಒಂದು ಪಾಲನ್ನಷ್ಟೇ ಬಳಸಿಕೊಳ್ಳುತ್ತವೆ, ಹೆಚ್ಚಿನದು ಮೊಸರಿನಲ್ಲೇ ಉಳಿಯುತ್ತದೆ. ಮನೆಮನೆಯ ಹೆಪ್ಪಿನಲ್ಲಿ ಯಾವ ತಳಿ ಎಷ್ಟಿದೆ ಎಂಬುದಕ್ಕೆ ಲೆಕ್ಕವಿಲ್ಲ. ದೊಡ್ಡ ಬೆಕ್ಕು ಒಂದು ಚಮಚ ನೆಕ್ಕಿದರೆ ತೊಂದರೆಯಾಗದಿರಬಹುದು. ಹಾಲಿನಿಂದಲೇ ಭೇದಿ ಹಿಡಿದ ಮರಿಗೆ ಅದು ಬೇಡ.

ಆಹಾರದ್ದಲ್ಲದ ಭೇದಿ

ಬರೀ ಆಹಾರದಿಂದ ಹೊಟ್ಟೆ ಕೆಟ್ಟ ಮರಿ ಸಾಮಾನ್ಯವಾಗಿ ಚುರುಕಾಗಿರುತ್ತದೆ, ಹಸಿವು ಇರುತ್ತದೆ, ಹಾಲು ನಿಲ್ಲಿಸಿದ ಒಂದೆರಡು ದಿನದಲ್ಲಿ ಮಲ ಗಟ್ಟಿಯಾಗುತ್ತ ಬರುತ್ತದೆ. ಹಾಗಾಗದಿದ್ದರೆ ಕಾರಣ ಬೇರೆ ಇದೆ. ಗೋದಾಮಿನಲ್ಲಿ ಹುಟ್ಟಿದ ಮರಿಗೆ ತಾಯಿಯ ಹಾಲಿನಿಂದಲೇ ದುಂಡು ಜಂತುಹುಳ ಬಂದಿರಬಹುದು, ಮೂರನೆಯ ವಾರದಿಂದಲೇ ಜಂತಿನ ಔಷಧಿ ಶುರುಮಾಡಲು ಹೇಳುವುದು ಇದಕ್ಕೇ. ವಾಂತಿ, ಮಲದಲ್ಲಿ ರಕ್ತ, ಜ್ವರ, ಮೂಲೆ ಹಿಡಿದು ಕೂರುವುದು ಇವು ಕಂಡರೆ ಪ್ಯಾನ್‌ಲ್ಯುಕೋಪೀನಿಯಾ ಎಂಬ ವೈರಸ್ ರೋಗದ ಅನುಮಾನ ಬರಬೇಕು. ಅದರ ಲಸಿಕೆ ಆರೆಂಟು ವಾರಕ್ಕೆ ಶುರುವಾಗುವುದರಿಂದ ಐದು ವಾರದ ಮರಿಗೆ ಆ ರಕ್ಷಣೆ ಇರುವುದಿಲ್ಲ. ಮನುಷ್ಯರ ಭೇದಿ ಮಾತ್ರೆಯನ್ನು ಕೊಡಬಾರದು. ಜ್ವರಕ್ಕೆ ಪ್ಯಾರಸಿಟಮಾಲ್ ಅಂತೂ ಬೆಕ್ಕಿಗೆ ವಿಷ.

ಹತ್ತಿರದ ಪಶು ಆಸ್ಪತ್ರೆ ತಿಳಿಯದಿದ್ದರೆ ಪಶುಸಂಗೋಪನಾ ಇಲಾಖೆಯ 1962 ಸಹಾಯವಾಣಿಯಲ್ಲಿ ಕೇಳಬಹುದು. ತಾಲ್ಲೂಕು ಆಸ್ಪತ್ರೆಯ ವೈದ್ಯರು ಹೆಚ್ಚಾಗಿ ನೋಡುವುದು ಎಮ್ಮೆ, ಆಕಳು, ಕುರಿಗಳನ್ನು. ಅವರಿಗೆ ಮರಿಯ ವಯಸ್ಸು, ನಿನ್ನೆಯ ಮತ್ತು ಇಂದಿನ ತೂಕ, ಮೊದಲು ತಿನ್ನುತ್ತಿದ್ದದ್ದು, ಈಗ ಕೊಟ್ಟದ್ದು, ಎಷ್ಟು ಸಲ ಭೇದಿಯಾಯಿತು, ಕೊನೆಯ ಬಾರಿ ಮೂತ್ರ ಮಾಡಿದ್ದು ಯಾವಾಗ ಎಂದು ಬರೆದುಕೊಟ್ಟರೆ ಎಷ್ಟು ದ್ರಾವಣ ಬೇಕೆಂದು ಅವರು ಕೂಡಲೇ ಲೆಕ್ಕ ಹಾಕಬಲ್ಲರು. ಮರಿಯನ್ನು ನೆಂಟರಿಗೆ ಕೊಡುವ ಗಿರಣಿಯವರೂ ಅದು ತಿನ್ನುತ್ತಿದ್ದ ಆಹಾರವನ್ನು ಮೂರು ನಾಲ್ಕು ದಿನಕ್ಕಾಗುವಷ್ಟು ಜೊತೆಗೆ ಕಟ್ಟಿಕೊಟ್ಟರೆ, ಇಂಥ ಭೇದಿಗಳಲ್ಲಿ ಎಷ್ಟೋ ಶುರುವಾಗುವುದೇ ಇಲ್ಲ.