ಪಿತೃಪಕ್ಷದ ಮೇಲೆ ಹಾಕದ ತಪ್ಪು

ಹುಬ್ಬಳ್ಳಿಯ ಒಂದು ಫರ್ನಿಚರ್ ಅಂಗಡಿ, ಅದರ ಗೂಗಲ್ ಜಾಹೀರಾತು ನೋಡಿಕೊಳ್ಳುವ ಬೆಂಗಳೂರಿನ ಏಜೆನ್ಸಿ. ಇದೊಂದು ಕಲ್ಪಿತ ಉದಾಹರಣೆ ಎಂದುಕೊಳ್ಳಿ. 2025ರ ಆಗಸ್ಟ್‌ನಲ್ಲಿ 60,000 ರೂಪಾಯಿಗೆ 120 ವಿಚಾರಣೆ ಬಂದಿದ್ದವು. ಸೆಪ್ಟೆಂಬರ್‌ನಲ್ಲಿ ಅಷ್ಟೇ ದುಡ್ಡಿಗೆ ಪರದೆ ತೋರಿಸಿದ್ದು ಬರೀ 48. ತಿಂಗಳ ವರದಿ ಬರೆಯಬೇಕಾದವನ ಕೈ ನಡುಗುವುದು ಇಲ್ಲೇ.

ನೆಪ ಮಾತ್ರ ಕೈಗೆಟುಕುವಲ್ಲೇ ಇತ್ತು: ಪಿತೃಪಕ್ಷ. ಆ ದಿನಗಳಲ್ಲಿ ಹೊಸ ಸೋಫಾ ಯಾರು ಕೊಳ್ಳುತ್ತಾರೆ? ಆದರೆ ಈ ಮಾತನ್ನು ಪರೀಕ್ಷಿಸಬಹುದು. 2024ರಲ್ಲಿ ಮಹಾಲಯ ಅಮಾವಾಸ್ಯೆ ಬಂದದ್ದು ಅಕ್ಟೋಬರ್ 2ಕ್ಕೆ, 2025ರಲ್ಲಿ ಸೆಪ್ಟೆಂಬರ್ 21ಕ್ಕೆ. ಹಾಗಾಗಿ ಸೆಪ್ಟೆಂಬರನ್ನು ಸೆಪ್ಟೆಂಬರಿಗೆ ಹೋಲಿಸದೆ ಪಕ್ಷವನ್ನು ಪಕ್ಷಕ್ಕೇ ಹೋಲಿಸಬೇಕು. ಹೋಲಿಸಿದಾಗ, ಹಿಂದಿನ ವರ್ಷ ಆ ಹದಿನೈದು ದಿನ ತಗ್ಗಿದ್ದು ಹತ್ತರಲ್ಲೊಂದು ಪಾಲು ಅಷ್ಟೇ. ನೆಪ ಪೂರ್ತಿ ಸುಳ್ಳಲ್ಲ, ಸಾಲದು.

ಮುಂದಿನ ಕೆಲಸ ಅಂಗಡಿಯ ಇಮೇಲ್ ಡಬ್ಬಿ ತೆರೆದು ಎಣಿಸುವುದು. ಅಲ್ಲಿ 84 ವಿಚಾರಣೆಗಳಿದ್ದವು! ಅಂದರೆ 36 ಬಂದಿದ್ದರೂ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಹಿಂದೆ ಗ್ರಾಹಕ ಫಾರ್ಮ್ ತುಂಬಿದ ಮೇಲೆ ‘ಧನ್ಯವಾದ’ ಪುಟ ತೆರೆದುಕೊಳ್ಳುತ್ತಿತ್ತು, ಎಣಿಸುವ ಟ್ಯಾಗ್ ಕೂತಿದ್ದು ಆ ಪುಟದಲ್ಲಿ. 11ರಂದು ವೆಬ್‌ಸೈಟಿನವರು ಫಾರ್ಮ್ ಬದಲಿಸಿದರು, ಪುಟ ಹೋಯಿತು, ಎಣಿಕೆ ನಿಂತಿತು.

ಉಳಿದ 36 ನಿಜವಾಗಿ ಕೈತಪ್ಪಿದವು. ಬಿಡ್ ಕಟ್ಟುವ ಸ್ವಯಂಚಾಲಿತ ವ್ಯವಸ್ಥೆಗೆ ಎಣಿಕೆಯೇ ಕಣ್ಣು. ಅದು ಸೊನ್ನೆ ನೋಡಿ ದಿಕ್ಕು ತಪ್ಪಿತು. ಹುಡುಕಾಟದ ಪದಗಳ ಪಟ್ಟಿಯಲ್ಲಿ ‘ಸೋಫಾ ರಿಪೇರಿ’, ‘ಸೆಕೆಂಡ್ ಹ್ಯಾಂಡ್ ಮಂಚ’ ಎಂದು ಹುಡುಕಿದವರ ಕ್ಲಿಕ್ಕುಗಳಿಗೂ ದುಡ್ಡು ಹೋಗಿತ್ತು.

ಪತ್ರದ ಮೊದಲ ಪ್ಯಾರಾದಲ್ಲೇ ಈ ಸಾಲುಗಳು ಇರಬೇಕು: “ಸೆಪ್ಟೆಂಬರ್‌ನಲ್ಲಿ 84 ವಿಚಾರಣೆ ಬಂದಿವೆ, ಆಗಸ್ಟ್‌ಗಿಂತ 36 ಕಡಿಮೆ. ಒಂದಕ್ಕೆ 500 ರೂಪಾಯಿ ಇದ್ದ ಖರ್ಚು 714ಕ್ಕೆ ಏರಿದೆ. 11ಕ್ಕೆ ಎಣಿಕೆ ನಿಂತದ್ದನ್ನು ನಾವು ಗಮನಿಸಿದ್ದು 24ಕ್ಕೆ.” ಕೊನೆಯ ಸಾಲು ಬರೆಯುವುದೇ ಕಷ್ಟ. ಫಾರ್ಮ್ ಬದಲಿಸಿದ್ದು ಬೇರೆಯವರಿರಬಹುದು, ಆದರೆ ದಿನವೂ ಪರದೆ ನೋಡಲೆಂದು ಸಂಬಳ ಪಡೆಯುವವರು ಎರಡು ವಾರ ಸೊನ್ನೆಯನ್ನು ನೋಡಿರಲಿಲ್ಲ. ಅದನ್ನು ಬಿಟ್ಟರೆ ಉಳಿದ ವಿವರಣೆಯೆಲ್ಲ ಸಬೂಬಾಗಿ ಕೇಳಿಸುತ್ತದೆ.

ಪರಿಹಾರಕ್ಕೆ ಹೆಸರು, ದಿನಾಂಕ ಬೇಕು. ಟ್ಯಾಗನ್ನು ಪುಟದಿಂದ ತೆಗೆದು ಫಾರ್ಮ್ ಸಲ್ಲಿಕೆಗೇ ಜೋಡಿಸಲಾಗಿದೆ. ಎಣಿಕೆ ಕೆಟ್ಟ ದಿನಗಳನ್ನು ಬಿಡ್ ಲೆಕ್ಕದಿಂದ ಹೊರಗಿಡಲು ಗೂಗಲ್ ಆ್ಯಡ್ಸ್‌ನಲ್ಲಿ ವ್ಯವಸ್ಥೆಯಿದೆ, ಅದನ್ನೂ ಬಳಸಲಾಗಿದೆ. ರಿಪೇರಿ, ಸೆಕೆಂಡ್ ಹ್ಯಾಂಡ್ ಪದಗಳಿಗೆ ತಡೆ ಬಿದ್ದಿದೆ. ಇನ್ನು ಮುಂದೆ ಇಂಥವರು ಬೆಳಿಗ್ಗೆ ಹತ್ತಕ್ಕೆ ಇಮೇಲ್ ಡಬ್ಬಿಯ ಲೆಕ್ಕವನ್ನೂ ಪರದೆಯ ಲೆಕ್ಕವನ್ನೂ ತಾಳೆ ನೋಡುತ್ತಾರೆ.

ಒಂದು ಎಚ್ಚರಿಕೆಯನ್ನೂ ಪತ್ರದಲ್ಲಿ ಈಗಲೇ ಬರೆದಿಡುವುದು ಜಾಣತನ. ಅಕ್ಟೋಬರ್‌ನಲ್ಲಿ ದೀಪಾವಳಿಯ ವ್ಯಾಪಾರಕ್ಕೆ ವಿಚಾರಣೆ ತಾನಾಗಿ ಏರುತ್ತದೆ, ಅದನ್ನು ಏಜೆನ್ಸಿಯ ಖಾತೆಗೆ ಜಮಾ ಮಾಡುವಂತಿಲ್ಲ. ಹೋಲಿಕೆ ಹಿಂದಿನ ದೀಪಾವಳಿಯ ವಾರಗಳೊಂದಿಗೆ.