ಸುಕ್ಕಿಗೂ ಮೊದಲು ಇಸ್ತ್ರಿ

ಹಾಸಿಗೆ ಕಂಪನಿಗಳ ಜಾಹೀರಾತು ಯಾವುದನ್ನೇ ತೆರೆದು ನೋಡಿ. ಪಕ್ಕದ ಕಿಟಕಿಯಿಂದ ಎಳೆಬಿಸಿಲು ಬಂದು ಹಾಸಿಗೆಯ ಮೇಲೆ ಓರೆಯಾಗಿ ಬಿದ್ದಿರುತ್ತದೆ. ಬಿಳಿ ಹೊದಿಕೆ ಅರ್ಧ ಸರಿದಿರುತ್ತದೆ. ದಿಂಬಿನ ಮೇಲೆ ತಲೆಯಿಟ್ಟ ಗುಳಿ, ಹಿಂದಿನ ಗೋಡೆಗೆ ಬೂದಿಯದೋ ಮಣ್ಣಿನದೋ ಮಂದ ಬಣ್ಣ. ಯಾರೋ ಈಗಷ್ಟೇ ಎದ್ದು ಹಲ್ಲುಜ್ಜಲು ಹೋಗಿದ್ದಾರೆ ಎನ್ನಿಸಬೇಕು, ಅಷ್ಟೇ ಅದರ ಉದ್ದೇಶ. ಆದರೆ ಇಂಥ ಎಷ್ಟೋ ಚಿತ್ರಗಳಲ್ಲಿ ಅಲ್ಲಿ ಯಾರೂ ಮಲಗಿದ್ದಿಲ್ಲ, ಆಗ ಬೆಳಗೂ ಆಗಿರಲಿಲ್ಲ. ಮಟಮಟ ಮಧ್ಯಾಹ್ನ, ಹೊರಗಿನ ಬೆಳಕೇ ನುಸುಳದ ಸ್ಟುಡಿಯೋದಲ್ಲಿ, ಪ್ಲೈವುಡ್ ಗೋಡೆಗೆ ಕೊರೆದ ಕಿಟಕಿಯ ಆಚೆ ಒಂದು ದೊಡ್ಡ ದೀಪ ಉರಿಯುತ್ತಿರುತ್ತದೆ.

ಈ ಕೆಲಸಕ್ಕೆ ಬೆಂಗಳೂರಿನ ನಂಟು ಸಣ್ಣದಲ್ಲ. 1962ರಲ್ಲಿ ಮಣಿಪಾಲ ಸಮೂಹದಿಂದ ಶುರುವಾದ, ತೆಂಗಿನ ನಾರಿನ ಹಾಸಿಗೆಯಿಂದ ಮನೆಮಾತಾದ ಕರ್ಲಾನ್ ಬೆಳೆದದ್ದು ಇಲ್ಲಿ. ಆನ್‌ಲೈನ್‌ನಲ್ಲೇ ಫೋಮ್ ಹಾಸಿಗೆ ಮಾರುತ್ತ 2016ರಲ್ಲಿ ಹುಟ್ಟಿದ ವೇಕ್‌ಫಿಟ್ ಕೂಡ ಇಲ್ಲಿಯದೇ. ಅಂಗಡಿಗೆ ಹೋಗಿ ಹಾಸಿಗೆ ಒತ್ತಿ ನೋಡಿ ಕೊಳ್ಳುತ್ತಿದ್ದ ಕಾಲದಲ್ಲಿ ಚಿತ್ರ ಹೇಗಿದ್ದರೂ ನಡೆಯುತ್ತಿತ್ತು. ಮುಟ್ಟದೆ ಕೊಳ್ಳುವ ಕಾಲ ಬಂದ ಮೇಲೆ ಮೆತ್ತಗಿದೆಯೋ ಒರಟಾಗಿದೆಯೋ ಎಂಬುದನ್ನೂ ಚಿತ್ರವೇ ಹೇಳಬೇಕಾಯಿತು.

ಹಾಗಾದರೆ ಬಟ್ಟೆಯ ಮೆದುವು ಕಣ್ಣಿಗೆ ಕಾಣುವುದು ಹೇಗೆ? ಸುಕ್ಕಿನಿಂದ. ಚಪ್ಪಟೆಯಾಗಿ ಎಳೆದು ಕಟ್ಟಿದ ಬಿಳಿ ಹಾಸು ಫೋಟೋದಲ್ಲಿ ಖಾಲಿ ಕಾಗದದಂತೆ ಕಾಣುತ್ತದೆ. ಅದು ಹತ್ತಿಯೋ ಪಾಲಿಯೆಸ್ಟರೋ ತಿಳಿಯುವುದಿಲ್ಲ. ಒಂದು ಮಡಿಕೆ ಎದ್ದಿತೆಂದರೆ ಅದರ ಒಂದು ಮಗ್ಗುಲಿಗೆ ಬೆಳಕು, ಇನ್ನೊಂದಕ್ಕೆ ನೆರಳು. ಆ ಎರಡರ ನಡುವಿನ ಬಾಗಿನಲ್ಲಿ ಬಟ್ಟೆಯ ದಪ್ಪ, ತೂಕ, ನೇಯ್ಗೆ ಎಲ್ಲ ಓದಿಗೆ ಸಿಗುತ್ತವೆ. ಅಗಸೆ ನಾರಿನ ಲಿನನ್‌ಗೆ ಹಿಗ್ಗುವ ಗುಣ ಕಡಿಮೆ, ಹಾಗಾಗಿ ಅದು ಚೂಪಾಗಿ ಮುದುಡುತ್ತದೆ, ಮುದುಡಿದ್ದು ಹಾಗೇ ನಿಲ್ಲುತ್ತದೆ. ಸಾಟಿನ್ ನೇಯ್ಗೆಯ ಹತ್ತಿ ದುಂಡಗೆ ಬಾಗಿ ಹೊಳೆಯುತ್ತದೆ. ಪಾಲಿಯೆಸ್ಟರ್ ಹೆಚ್ಚಿರುವ ಹಾಸು ಮಾತ್ರ ಹಠಮಾರಿ: ಒತ್ತಿ ಕೂರಿಸಿದ ಮಡಿಕೆ ಕೈ ತೆಗೆಯುವಷ್ಟರಲ್ಲಿ ಸಡಿಲಗೊಳ್ಳುತ್ತದೆ.

ಆದರೆ ಸುಕ್ಕುಗಳಲ್ಲೂ ಜಾತಿಯಿದೆ. ಪ್ಯಾಕೆಟ್ಟಿನಿಂದ ತೆಗೆದ ಹೊಸ ಹಾಸಿನ ಮೇಲೆ ಅಡ್ಡ ಉದ್ದ ಗೆರೆಗಳ ಚೌಕಳಿ ಇರುತ್ತದೆ. ಈ ಗೆರೆ ಕಂಡ ಕ್ಷಣವೇ ನೋಡುಗನ ಕಣ್ಣಿಗೆ ಮನೆ ಮರೆಯಾಗಿ ಗೋದಾಮು ಬರುತ್ತದೆ. ಆದ್ದರಿಂದ ಮುದುಡಿದ ಹಾಸಿಗೆಯ ಚಿತ್ರದ ಮೊದಲ ಕೆಲಸ ಇಸ್ತ್ರಿ. ಹಾಸನ್ನು ಒಮ್ಮೆ ಒಗೆದು, ಹಾಸಿಗೆಗೆ ತೊಡಿಸಿದ ಮೇಲೆ ಅಲ್ಲೇ ಹಬೆಯ ಇಸ್ತ್ರಿ ಹಿಡಿದು ಒಂದೂ ಗೆರೆ ಉಳಿಯದಂತೆ ಮಾಡುತ್ತಾರೆ. ಆಮೇಲೆ ಬೇಕಾದ ಸುಕ್ಕನ್ನು ಬೇಕಾದ ಕಡೆ ಹುಟ್ಟಿಸುತ್ತಾರೆ.

ಇದನ್ನು ಮಾಡುವವರು ಸ್ಟೈಲಿಸ್ಟ್. ಒಂದು ಸಾಮಾನ್ಯ ಶೂಟಿಂಗ್ ಹಿಡಿಯೋಣ: ಐದಡಿ ಅಗಲದ ಮಂಚ, ಎಂಟಿಂಚಿನ ಫೋಮ್ ಹಾಸಿಗೆ, ಬಿಳಿ ಹತ್ತಿಯ ಹಾಸು, ಕವರ್ ಹಾಕಿದ ಹೊದಿಕೆ. ಪೆಟ್ಟಿಗೆಯಲ್ಲಿ ಸುರುಳಿ ಸುತ್ತಿ ಬರುವ ಫೋಮ್ ಹಾಸಿಗೆಯನ್ನು ಅದೇ ಬೆಳಿಗ್ಗೆ ಬಿಚ್ಚಿದರೆ ಕೆಟ್ಟಿತು. ಮೂಲೆಗಳು ಇನ್ನೂ ಉಬ್ಬಿರುವುದಿಲ್ಲ, ಅಂಚು ಜೋತು ಬಿದ್ದಿರುತ್ತದೆ. ಒಂದೆರಡು ದಿನ ಮೊದಲೇ ಬಿಚ್ಚಿಟ್ಟಿರಬೇಕು. ಹೊದಿಕೆಯ ಕವರಿನೊಳಗೆ ಒಂದರ ಬದಲು ಎರಡು ರಜಾಯಿ ತುರುಕುತ್ತಾರೆ, ಆಗ ಮಡಿಸಿದ ಅಂಚು ದಪ್ಪಗೆ ನಿಲ್ಲುತ್ತದೆ. ದಿಂಬನ್ನು ಅದರ ಕವರಿಗಿಂತ ತುಸು ದೊಡ್ಡದೇ ಆಯ್ದುಕೊಳ್ಳುತ್ತಾರೆ, ಇಲ್ಲದಿದ್ದರೆ ಮೂಲೆಗಳು ನಾಯಿಯ ಕಿವಿಯಂತೆ ಜೋಲುತ್ತವೆ.

ಮುಂದಿನದು ಸುಕ್ಕು. ಒಳ್ಳೆಯ ಸ್ಟೈಲಿಸ್ಟ್ ಮೊದಲು ಒಬ್ಬರನ್ನು ನಿಜವಾಗಿಯೂ ಮಲಗಿಸಿ, ಒಂದು ಮಗ್ಗುಲು ಹೊರಳಿಸಿ, ಎದ್ದು ಹೋಗಲು ಹೇಳುತ್ತಾರೆ. ಆಗ ಆದ ಮಡಿಕೆಗಳಿಗೆಲ್ಲ ಒಂದು ಕಾರಣ ಇರುತ್ತದೆ: ಸೊಂಟ ಒತ್ತಿದ ಕಡೆಯಿಂದ, ಕೈಯೂರಿ ಎದ್ದ ಕಡೆಯಿಂದ ಗೆರೆಗಳು ಹೊರಟು ಅಂಚಿನತ್ತ ಕರಗುತ್ತವೆ. ಬರೀ ಕೈಯಿಂದ ಹಿಂಡಿ ಮಾಡಿದ ಸುಕ್ಕು ಹಾಗಿರುವುದಿಲ್ಲ. ಒಂದೇ ಎತ್ತರ, ಒಂದೇ ಅಂತರ, ಎಲ್ಲಿಂದ ಎಲ್ಲಿಗೂ ಹೋಗದ ಗೆರೆಗಳು. ಕೃತಕ ಚಿತ್ರವನ್ನು ಪತ್ತೆಹಚ್ಚಲು ಇದೇ ಸುಲಭದ ಗುರುತು. ನಿಜದ ಮಡಿಕೆಗಳನ್ನು ಉಳಿಸಿಕೊಂಡು, ಕ್ಯಾಮೆರಾದತ್ತ ಅಡ್ಡ ಬರುವ ಒಂದೆರಡನ್ನು ಅಂಗೈಯಲ್ಲಿ ಸವರಿ ಅಳಿಸುತ್ತಾರೆ. ಹಾಸಿಗೆಯನ್ನೇ ಮಾರಬೇಕಾದಾಗ ಒಂದು ಮೂಲೆಯ ಹಾಸನ್ನು ಮೇಲಕ್ಕೆ ಸರಿಸಿ, ಹಿಂದಿನಿಂದ ಪಿನ್ನು ಚುಚ್ಚಿ ನಿಲ್ಲಿಸುತ್ತಾರೆ. ಅಲ್ಲಿ ಹಾಸಿಗೆಯ ಅಂಚು, ಹೊಲಿಗೆ, ಕಂಪನಿಯ ಪಟ್ಟಿ ಇಣುಕಬೇಕು.

ಇಷ್ಟಾದರೂ ಬೆಳಕು ಎದುರಿನಿಂದ ಬಿದ್ದರೆ ಎಲ್ಲ ಶ್ರಮವೂ ಮಾಯ. ಕ್ಯಾಮೆರಾದ ಹಿಂದಿನಿಂದ ಬರುವ ಬೆಳಕು ಮಡಿಕೆಯ ಎರಡೂ ಮಗ್ಗುಲನ್ನು ಸಮನಾಗಿ ತುಂಬಿ, ಸುಕ್ಕನ್ನು ಇಲ್ಲವಾಗಿಸುತ್ತದೆ. ಬೆಳಕು ಪಕ್ಕದಿಂದ ಬರಬೇಕು, ಬಟ್ಟೆಯ ಮೈಯನ್ನು ಸವರಿಕೊಂಡು ಹೋಗುವಷ್ಟು ತಗ್ಗಿನಲ್ಲಿ ಬರಬೇಕು. ಬೆಳಗಿನ ಸೂರ್ಯ ಮಾಡುವುದೂ ಇದನ್ನೇ. ಹೊತ್ತು ಏರಿ ನೆತ್ತಿಗೆ ಬಂದರೆ ಅದೇ ಹಾಸು ಸಪ್ಪೆ.

ಹಾಗಿದ್ದರೆ ನಿಜವಾದ ಬೆಳಗಿನಲ್ಲೇ ತೆಗೆಯಬಾರದೇ? ತೆಗೆಯುವವರಿದ್ದಾರೆ, ಆದರೆ ಭೂಮಿ ಕಾಯುವುದಿಲ್ಲ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ದಿಂಬಿನ ಮೇಲಿದ್ದ ಬಿಸಿಲಿನ ಪಟ್ಟೆ ಸ್ಟೈಲಿಸ್ಟ್ ಒಂದು ಮಡಿಕೆ ಸರಿಪಡಿಸಿ ಬರುವಷ್ಟರಲ್ಲಿ ಗೋಡೆ ಹತ್ತಿರುತ್ತದೆ. ಒಂದೇ ದಿನದಲ್ಲಿ ಆರು ಬಣ್ಣದ ಹಾಸು ತೆಗೆಯಬೇಕಾದ ಕಂಪನಿಗೆ ಆರರಲ್ಲೂ ಒಂದೇ ಬೆಳಕು ಬೇಕು. ಅದಕ್ಕೇ ಕೃತಕ ಸೂರ್ಯ.

ಈ ಸೂರ್ಯನನ್ನು ಎಷ್ಟು ದೂರ ಇಡಬೇಕೆಂಬುದರಲ್ಲೇ ಅರ್ಧ ವಿದ್ಯೆಯಿದೆ. ದೀಪದಿಂದ ದೂರ ಹೆಚ್ಚಿದಂತೆ ಬೆಳಕು ಆ ದೂರದ ವರ್ಗದ ಲೆಕ್ಕದಲ್ಲಿ ತಗ್ಗುತ್ತದೆ. ನಮ್ಮ ಐದಡಿಯ, ಅಂದರೆ ಸುಮಾರು ಒಂದೂವರೆ ಮೀಟರಿನ ಮಂಚವನ್ನೇ ನೋಡಿ. ದೀಪ ಹತ್ತಿರದ ಅಂಚಿನಿಂದ 2 ಮೀಟರ್ ದೂರದಲ್ಲಿದ್ದರೆ ಆಚೆಯ ಅಂಚು ಮೂರೂವರೆ ಮೀಟರ್ ದೂರ. ಈಚೆಗೆ ಬೀಳುವ ಬೆಳಕು ಆಚೆಗಿಂತ ಮೂರು ಪಟ್ಟು. ಕಿಟಕಿ ಪಕ್ಕದ ದಿಂಬು ಬೆಳ್ಳಗೆ ಸುಟ್ಟುಹೋಗಿ, ಆಚೆಯದು ಮಂಕಾಗುತ್ತದೆ. ಅದೇ ದೀಪವನ್ನು 6 ಮೀಟರ್ ಹಿಂದಕ್ಕೆ ಒಯ್ದರೆ ವ್ಯತ್ಯಾಸ ಒಂದೂವರೆ ಪಟ್ಟಿಗೆ ಇಳಿಯುತ್ತದೆ. ಕಿಟಕಿಯ ಸರಳಿನ ನೆರಳೂ ಅಚ್ಚುಕಟ್ಟಾಗಿ ಬೀಳುತ್ತದೆ, ಏಕೆಂದರೆ ದೂರದ ದೀಪ ಚಿಕ್ಕದಾಗಿ ಕಾಣುತ್ತದೆ. ಸ್ಟುಡಿಯೋ ಚಿಕ್ಕದಿದ್ದರೆ ಈ ಚಿತ್ರ ಸುಲಭಕ್ಕೆ ಬಾರದಿರುವುದಕ್ಕೆ ಕಾರಣ ಇದೇ.

ನಿಜವಾದ ಕಿಟಕಿಯಿಂದ ಬಿಸಿಲೊಂದೇ ಬರುವುದಿಲ್ಲ, ಆಕಾಶದ ಮೆದು ಬೆಳಕೂ ಬರುತ್ತದೆ. ಅದಕ್ಕಾಗಿ ಬಿಳಿ ಪರದೆಯ ಮೂಲಕ ಇನ್ನೊಂದು ದೀಪ ಹಾಯಿಸುತ್ತಾರೆ. ಕಿಟಕಿಯ ಎದುರು ಬದಿಗೆ, ಚೌಕಟ್ಟಿನ ಹೊರಗೆ, ಥರ್ಮಾಕೋಲ್ ಹಲಗೆ ನಿಲ್ಲಿಸಿದರೆ ನೆರಳು ತಿಳಿಯಾಗುತ್ತದೆ. ಅದರ ಜಾಗಕ್ಕೆ ಕಪ್ಪು ಬಟ್ಟೆ ಇಳಿಬಿಟ್ಟರೆ ಮಡಿಕೆಗಳು ಗಾಢವಾಗುತ್ತವೆ. ಎಷ್ಟು ಸಾಕು ಎಂಬುದಕ್ಕೆ ಒಂದು ಪರೀಕ್ಷೆಯುಂಟು. ಚಿತ್ರವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದಾಗ ಅತಿ ಬೆಳ್ಳಗಿನ ಮಡಿಕೆಯ ನೆತ್ತಿಯಲ್ಲೂ, ಅತಿ ಕಪ್ಪಗಿನ ಮಡಿಕೆಯ ಬುಡದಲ್ಲೂ ನೂಲಿನ ಎಳೆ ಕಾಣಬೇಕು. ನೆತ್ತಿಯಲ್ಲಿ ಎಳೆ ಅಳಿಸಿಹೋಗಿದ್ದರೆ ಅದನ್ನು ಆಮೇಲೆ ಯಾವ ಸಾಫ್ಟ್‌ವೇರೂ ಮರಳಿ ತರಲಾರದು.

ಬಣ್ಣದ ವಿಷಯದಲ್ಲಿ ಗೋಡೆ ಮೋಸ ಮಾಡುತ್ತದೆ. ಹಾಸು ಬೆಳ್ಳಗೆ ಕಾಣಬೇಕಾದರೆ ಗೋಡೆ ಅದಕ್ಕಿಂತ ಒಂದೆರಡು ಪಟ್ಟು ಮಂಕಾಗಿರಬೇಕು, ಹೊಳಪಿಲ್ಲದ ಬಣ್ಣ ಬಳಿದಿರಬೇಕು. ಅದು ತಲೆದಿಂಬಿನ ಹಿಂದೆ ಇದ್ದರೆ ಸರಿ. ಪಕ್ಕದ ಗೋಡೆಗೂ ಅದೇ ಹಸಿರು ಬಳಿದಿರೋ, ಬೆಳಕು ಅಲ್ಲಿ ಬಡಿದು ಮರಳಿ ಹಾಸಿನ ನೆರಳುಗಳಿಗೆಲ್ಲ ಹಸಿರು ಹಿಡಿಸುತ್ತದೆ. ಬಿಳಿ ಹತ್ತಿ ಪಾಚಿಗಟ್ಟಿದಂತೆ ಕಾಣುತ್ತದೆ. ಇನ್ನೊಂದು ತೊಡಕು ಬಟ್ಟೆಯೊಳಗೇ ಇದೆ. ಬಿಳಿ ಹಾಸುಗಳಿಗೆ ಸಾಮಾನ್ಯವಾಗಿ ಹೊಳಪು ಕೊಡುವ ರಾಸಾಯನಿಕ ಸೇರಿಸಿರುತ್ತಾರೆ, ಅದು ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಹೀರಿ ನೀಲಿಯಾಗಿ ಹೊರಬಿಡುತ್ತದೆ. ಹಾಗಾಗಿ ಒಂದೇ ಮಂಚದ ಮೇಲಿನ ಎರಡು ಬಿಳಿ ಬಟ್ಟೆ, ದಿಂಬಿನದೊಂದು ಹಾಸಿನದೊಂದು, ಒಂದು ದೀಪದಡಿ ಒಂದೇ ಬಣ್ಣ, ಇನ್ನೊಂದರಡಿ ಬೇರೆ ಬಣ್ಣ.

ಎಳೆಬಿಸಿಲಿನ ಹೊನ್ನು ತರಲು ದೀಪಕ್ಕೆ ತೆಳು ಕಿತ್ತಳೆ ಹಾಳೆ ಹಚ್ಚುತ್ತಾರೆ. ಚಂದವೇ. ಆದರೆ ಬೂದು ಹಾಸು ಅದರಡಿ ಕಂದಾಗುತ್ತದೆ, ಬಿಳಿಯದು ಕೆನೆಯಾಗುತ್ತದೆ. ಚಿತ್ರ ನೋಡಿ ಕೆನೆ ಬಣ್ಣದ್ದೆಂದು ತರಿಸಿಕೊಂಡವರಿಗೆ ಬಿಳಿಯದು ಬಂದರೆ ಅದು ವಾಪಸ್ ಹೋಗುತ್ತದೆ. ಹೀಗಾಗಿ ಜಾಗ್ರತೆಯಿರುವ ಕಂಪನಿಗಳು ಎರಡು ಬಗೆಯ ಚಿತ್ರ ತೆಗೆಸುತ್ತವೆ: ಮನಸ್ಸು ಸೆಳೆಯಲು ಕಿಟಕಿಯ ಬೆಳಕಿನದು, ಬಣ್ಣ ತೋರಿಸಲು ಸಮ ಬೆಳಕಿನದು. ಎರಡನೆಯದರ ಮೊದಲ ಚಿತ್ರದಲ್ಲಿ 24 ಚೌಕಗಳ ಬಣ್ಣದ ಹಲಗೆಯನ್ನು ಹಾಸಿನ ಮೇಲಿಟ್ಟು ಅಳತೆ ಹಿಡಿದಿರುತ್ತಾರೆ.

ಈಗ ಇವೆಲ್ಲ ಕಂಪ್ಯೂಟರಿನಲ್ಲೇ ಆಗುತ್ತದಲ್ಲ ಎನ್ನಬಹುದು. ಸ್ವೀಡನ್ನಿನ ಐಕಿಯಾ 2006ರ ಹೊತ್ತಿಗೆ ಒಂದು ಮರದ ಕುರ್ಚಿಯ ಗಣಕ ಚಿತ್ರದಿಂದ ಶುರುಮಾಡಿ, 2014ರ ವೇಳೆಗೆ ತನ್ನ ಉತ್ಪನ್ನ ಚಿತ್ರಗಳಲ್ಲಿ ಮುಕ್ಕಾಲು ಪಾಲನ್ನು ಹೀಗೇ ಮಾಡುತ್ತಿತ್ತು. ಮರ, ಲೋಹ ಬೇಗ ಒಲಿದವು. ಮುದುಡಿದ ಬಟ್ಟೆ ಅಷ್ಟು ಸುಲಭವಲ್ಲ. ತೂಕ, ಬಿರುಸು, ಉಜ್ಜಾಟ ಮೂರನ್ನೂ ಲೆಕ್ಕಹಾಕಿ ಮಡಿಕೆ ಬೀಳಿಸಬೇಕು, ಲೆಕ್ಕ ತಪ್ಪಿದರೆ ಹತ್ತಿ ರಬ್ಬರಿನಂತೆ ಕಾಣುತ್ತದೆ.

ಜಾಹೀರಾತಿನ ಹೊರಗೆ ಇದೇ ವಸ್ತುವನ್ನು ಇಮೊಜೆನ್ ಕನಿಂಗ್‌ಹ್ಯಾಮ್ 1957ರಲ್ಲಿ ಅಮೆರಿಕದಲ್ಲಿ ತೆಗೆದಿದ್ದರು. ಛಾಯಾಗ್ರಾಹಕಿ ಡೊರೊತಿಯಾ ಲ್ಯಾಂಗ್ ತಮ್ಮ ವಿದ್ಯಾರ್ಥಿಗಳಿಗೆ, ದಿನದ 24 ಗಂಟೆಯಲ್ಲಿ ಒಮ್ಮೆಯಾದರೂ ಬಳಸುವ ವಸ್ತುವಿನ ಚಿತ್ರ ತನ್ನಿ ಎಂದು ಕೆಲಸ ಕೊಟ್ಟದ್ದನ್ನು ಕೇಳಿ ಅವರು ತೆಗೆದ ಚಿತ್ರ ಅದು: ಸರಿದ ಹೊದಿಕೆ, ಮುದುಡಿದ ಹಾಸು, ಅದರ ಮೇಲೆ ಉದುರಿದ ತಲೆಪಿನ್ನುಗಳು. ಜಾಹೀರಾತಿನ ಮಂಚದ ಮೇಲೆ ತಲೆಪಿನ್ನು ಎಂದೂ ಸಿಗದು, ಒಂದು ಕೂದಲೆಳೆಯೂ ಸಿಗದು. ಅಲ್ಲಿ ಸಿಗುವುದು ತಟ್ಟೆಯಲ್ಲಿ ಕಾಫಿ, ಮಡಿಸಿಟ್ಟ ಕನ್ನಡಕ, ಯಾರೂ ಓದದ ಇಂಗ್ಲಿಷ್ ಪುಸ್ತಕ. ಬಿಳಿ ಹಾಸಿನ ಮೇಲೆ ಫಿಲ್ಟರ್ ಕಾಫಿ ಇಟ್ಟು ಬೈಸಿಕೊಳ್ಳದೆ ಉಳಿದವರು ನಮ್ಮ ಮನೆಗಳಲ್ಲಿ ಎಷ್ಟು ಮಂದಿಯೋ! ಪಡುವಣದ ಕಂಪನಿಗಳ ಚಿತ್ರವನ್ನು ಹಾಗೇ ಎತ್ತಿ ತಂದಾಗ ಇಂಥ ಅಭಾಸ ತಪ್ಪದು. ಜೈಪುರದ ಅಚ್ಚು, ಸೊಲ್ಲಾಪುರದ ಚಾದರ ಹೊದೆಯುವವರ ಬೆಳಗೂ ಬೆಳಗೇ.

ಕೊಳ್ಳುವವರು ಮಾಡಬಹುದಾದದ್ದು ಇಷ್ಟು. ಕಿಟಕಿಯ ಬೆಳಕಿನ ಚಿತ್ರದಲ್ಲಿ ನೇಯ್ಗೆ ನೋಡಿ, ಬಣ್ಣ ನೋಡಬೇಡಿ. ಬಣ್ಣಕ್ಕೆ ಬಿಳಿ ಹಿನ್ನೆಲೆಯ ಸಪ್ಪೆ ಚಿತ್ರವನ್ನೂ, ಕೊಂಡವರು ತಮ್ಮ ಮನೆಯಲ್ಲಿ ತೆಗೆದು ಹಾಕಿದ ಫೋಟೋಗಳನ್ನೂ ನಂಬಿ. ಹಾಸಿಗೆಯ ದಪ್ಪವನ್ನು ಚಿತ್ರದಿಂದ ಅಂದಾಜಿಸಲೇಬೇಡಿ. ಅಗಲ ಲೆನ್ಸ್ ಹತ್ತಿರದ ಮೂಲೆಯನ್ನು ಹಿಗ್ಗಿಸಿ ಆರಿಂಚನ್ನು ಹತ್ತಿಂಚಿನಂತೆ ತೋರಿಸಬಲ್ಲದು. ಕೆಳಗೆ ಬರೆದಿರುವ ಅಳತೆಯನ್ನು ಓದಿ, ಟೇಪು ಹಿಡಿದು ನಿಮ್ಮ ಮಂಚಕ್ಕೆ ಹೋಲಿಸಿ, ಆಮೇಲೆ ದುಡ್ಡು ಕೊಡಿ.