ಎಂ.ಕಾಂ.ಗೆ ಧಾರವಾಡವೋ, ಬೆಂಗಳೂರೋ? ಹಾಸ್ಟೆಲ್ ಸಿಕ್ಕರೆ ಒಂದು ಲೆಕ್ಕ, ಸಿಗದಿದ್ದರೆ ಇನ್ನೊಂದು

ಶಿಕಾರಿಪುರ/ಸೊರಬ: ಡಿಗ್ರಿ ರಿಸಲ್ಟ್ ಬಂದ ಮೇಲೆ ನಮ್ಮ ಎರಡೂ ತಾಲ್ಲೂಕಿನ ಅಂಗಡಿ ಕಟ್ಟೆಗಳಲ್ಲಿ ಒಂದೇ ಮಾತು. ಮಗಳನ್ನ ಎಂ.ಕಾಂ.ಗೆ ಎಲ್ಲಿಗೆ ಕಳಿಸೋದು? ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕರೆ ತಲೆಬಿಸಿಯೇ ಇಲ್ಲ. ಸಿಗದವರ ಮುಂದೆ ಸಾಮಾನ್ಯವಾಗಿ ಉಳಿಯೋದು ಎರಡು ಊರು. ಒಂದು ಹಾನಗಲ್ ದಾರಿಯ ಧಾರವಾಡ, ಇನ್ನೊಂದು ಬೆಂಗಳೂರು.

ಬೆಂಗಳೂರು ಅಂದವರು ಹೇಳೋ ಕಾರಣ ಒಂದೇ: "ಅಲ್ಲಿ ಪಾರ್ಟ್ ಟೈಮ್ ಕೆಲಸ ಸಿಗ್ತದೆ, ಹಾಸ್ಟೆಲ್ಲೂ ಇದೆ, ಖರ್ಚು ಅವಳೇ ನೋಡ್ಕೋತಾಳೆ." ಲೆಕ್ಕ ತಪ್ಪೋದು ಇಲ್ಲೇ. ಸರ್ಕಾರಿ ಹಾಸ್ಟೆಲ್ಲಿಗೆ ಸಂಜೆ ಇಷ್ಟು ಗಂಟೆಯೊಳಗೆ ಬಂದು ಹಾಜರಿ ಹಾಕಬೇಕು ಅನ್ನೋ ನಿಯಮ ಇರ್ತದೆ, ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಂತೂ ಬಿಗಿ. ಹಗಲು ತರಗತಿ ಇರುವವರಿಗೆ ಸಿಗೋ ಕೆಲಸ, ಅಂದರೆ ಬಟ್ಟೆ ಮಳಿಗೆ, ಕಾಲ್ ಸೆಂಟರ್, ಬಿಲ್ಲಿಂಗ್ ಕೌಂಟರ್, ಎಲ್ಲಾ ಸಂಜೆ ಐದರಿಂದ ರಾತ್ರಿ ಒಂಬತ್ತು ಹತ್ತರವರೆಗೆ. ಹಾಗಾಗಿ ಹಾಸ್ಟೆಲ್ ಮತ್ತು ಸಂಜೆ ಕೆಲಸ ಎರಡನ್ನೂ ಒಟ್ಟಿಗೆ ಕೂಡಿಸಿ ಲೆಕ್ಕ ಹಾಕೋಕೆ ಬರೋದಿಲ್ಲ. ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕು.

ಒಂದು ಉದಾಹರಣೆ ಹಿಡಿಯೋಣ. ಆನವಟ್ಟಿ ಕಡೆಯ ಒಬ್ಬ ಬಟ್ಟೆ ಅಂಗಡಿಯವರ ಮಗಳು, 2ಎ ವರ್ಗ, ವರ್ಷಕ್ಕೆ ಹತ್ತು ತಿಂಗಳು ಊರ ಹೊರಗೆ ಇರಬೇಕು. ಕೆಳಗಿನ ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ನಿಮ್ಮ ಮಕ್ಕಳು ವಿಚಾರಿಸಿಕೊಂಡು ಬಂದ ಬಾಡಿಗೆ, ಮೆಸ್ ದರ ಅಲ್ಲಿ ಹಾಕಿ ನೋಡಿ.

ಧಾರವಾಡದಲ್ಲಿ ಇಬ್ಬರು ಸೇರಿ ರೂಮು ಮಾಡಿದರೆ ತಲೆಗೆ 2,500, ಮೆಸ್ಸಿಗೆ 3,000, ಕರೆಂಟು, ಮೊಬೈಲು, ಜೆರಾಕ್ಸ್ ಅಂತ 1,000. ತಿಂಗಳಿಗೆ 6,500 ಆಯ್ತು. ಬೆಂಗಳೂರಿನಲ್ಲಿ ಮೂವರು ಇರುವ ಪಿಜಿ ರೂಮಿಗೆ ಊಟ ಸೇರಿ 8,000, ಮಧ್ಯಾಹ್ನ ಹೊರಗೆ ತಿನ್ನೋದು ಮತ್ತು ಇತರೆ 2,500, ಒಟ್ಟು 10,500. ಹತ್ತು ತಿಂಗಳಿಗೆ ಧಾರವಾಡ 65,000, ಬೆಂಗಳೂರು 1,05,000. ಪಿಜಿಗೆ ಕೊಡೋ ಮುಂಗಡ ಇದರಲ್ಲಿ ಸೇರಿಲ್ಲ. ಬಿಡುವಾಗ 'ಮೇಂಟೆನೆನ್ಸ್' ಅಂತ ಅದರಲ್ಲಿ ಒಂದಿಷ್ಟು ಮುರಿದುಕೊಳ್ಳೋದು ವಾಡಿಕೆ. ಎಷ್ಟು ಅನ್ನೋದನ್ನ ದುಡ್ಡು ಕೊಡೋ ದಿನವೇ ರಸೀದಿ ಮೇಲೆ ಬರೆಸಿಕೊಳ್ಳಿ.

ಈಗ ಕೆಲಸ. ಬೆಂಗಳೂರಲ್ಲಿ ದಿನಕ್ಕೆ ನಾಲ್ಕು ತಾಸಿನ ಕೆಲಸಕ್ಕೆ 8,000 ಸಿಕ್ತು ಅಂತಿಟ್ಟುಕೊಳ್ಳಿ. ಅದನ್ನ ಹತ್ತರಿಂದ ಗುಣಿಸಬೇಡಿ. ಮೊದಲ ತಿಂಗಳು ಹುಡುಕೋದರಲ್ಲೇ ಹೋಗ್ತದೆ, ಎರಡು ಸೆಮಿಸ್ಟರಿನ ಪರೀಕ್ಷೆಗೆ ಎರಡು ತಿಂಗಳು ಬಿಡಬೇಕು. ಏಳು ತಿಂಗಳಿಗೆ 56,000 ಬಂತು, ಮನೆಯಿಂದ ಹೋಗೋದು 49,000. ಧಾರವಾಡದಲ್ಲಿ ಆ ನಮೂನೆ ಕೆಲಸ ಕಡಿಮೆ. ಮಕ್ಕಳಿಗೆ ಮನೆಪಾಠ, ಇಲ್ಲಾ ಜೆರಾಕ್ಸ್-ಡಿಟಿಪಿ ಅಂಗಡಿಯಲ್ಲಿ ಎರಡು ತಾಸು, ಹೆಚ್ಚೆಂದರೆ 3,000. ಎಂಟು ತಿಂಗಳಿಗೆ 24,000. ಮನೆಯಿಂದ ಹೋಗೋದು 41,000. ಅಂದರೆ ದುಪ್ಪಟ್ಟಿಗಿಂತ ಹೆಚ್ಚು ದುಡಿದ ಮೇಲೂ ಬೆಂಗಳೂರಿನ ಹುಡುಗಿ ಮನೆಗೆ ಎಂಟು ಸಾವಿರ ಹೆಚ್ಚೇ ಭಾರ. ರಾತ್ರಿ ಹತ್ತೂವರೆಗೆ ಪಿಜಿ ಸೇರಿ, ಬೆಳಗ್ಗೆ ಕ್ಲಾಸಿಗೆ ಹೋಗೋದು ಬೇರೆ. ತರಗತಿ ಹಾಜರಿ ಶೇ. 75ಕ್ಕಿಂತ ಕೆಳಗೆ ಬಂದರೆ ಪರೀಕ್ಷೆಗೇ ಕೂರಿಸೋದಿಲ್ಲ.

ಇನ್ನು ಹಾಸ್ಟೆಲ್. ಬಿಸಿಎಂ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್ಲಿಗೆ shp.karnataka.gov.in ಮೂಲಕ ಅರ್ಜಿ. ಇಲ್ಲಿ ಎರಡು ವಿಷಯ ಗೊತ್ತಿರಬೇಕು. ಒಂದು, ಹಳೇ ವಿದ್ಯಾರ್ಥಿಗಳು ನವೀಕರಣದಲ್ಲಿ ಮುಂದುವರಿಯೋದರಿಂದ ಹೊಸಬರಿಗೆ ಉಳಿಯೋದು ಓದು ಮುಗಿಸಿ ಹೋದವರ ಜಾಗ ಮಾತ್ರ. ಹೊರಗಲ್ಲಿ ಎಷ್ಟು ಸೀಟಿನ ಬೋರ್ಡ್ ಇದ್ದರೂ ನಮಗೆ ಸಂಬಂಧಪಟ್ಟದ್ದು ಆ ಖಾಲಿ ಸೀಟಿನ ಸಂಖ್ಯೆ. ವಾರ್ಡನ್ ಹತ್ತಿರ ಕೇಳಬೇಕಾದ ಪ್ರಶ್ನೆಯೂ ಅದೇ. ಎರಡು, ಆಯ್ಕೆ ಪಟ್ಟಿ ಬರೋದು ತರಗತಿ ಶುರುವಾದ ಮೇಲೆ. ಆದ್ದರಿಂದ ಮೊದಲ ಮೂರು ತಿಂಗಳ ರೂಮಿನ ದುಡ್ಡು ಕೈಯಲ್ಲಿ ಇಟ್ಟುಕೊಂಡೇ ಹೊರಡಬೇಕು. ನಮ್ಮ ಲೆಕ್ಕದಲ್ಲಿ ಅದು ಧಾರವಾಡಕ್ಕೆ 19,500, ಬೆಂಗಳೂರಿಗೆ 31,500.

ನಾಲ್ಕನೇ ತಿಂಗಳಿಗೆ ಹಾಸ್ಟೆಲ್ ಸಿಕ್ಕಿತು ಅನ್ನಿ. ಆಮೇಲೆ ಊಟ-ವಸತಿ ಇಲಾಖೆಯದು, ಕೈಖರ್ಚು ಮಾತ್ರ ನಮ್ಮದು. ತಿಂಗಳಿಗೆ ಧಾರವಾಡದಲ್ಲಿ 1,000, ಬೆಂಗಳೂರಲ್ಲಿ 1,500 ಹಿಡಿದರೆ ವರ್ಷದ ಖರ್ಚು ಅಲ್ಲಿ 26,500, ಇಲ್ಲಿ 42,000. ಬೆಂಗಳೂರಲ್ಲಿ ರಾತ್ರಿ ಹತ್ತರವರೆಗೆ ದುಡಿದು ಮನೆಗೆ ಬಿದ್ದ ಭಾರ 49,000 ಇತ್ತಲ್ಲ, ದುಡಿಯದೆ ಹಾಸ್ಟೆಲ್ಲಿನಲ್ಲಿ ಓದಿಕೊಂಡಿದ್ದರೆ ಅದಕ್ಕಿಂತ ಕಡಿಮೆ.

ಹಾಸ್ಟೆಲ್ ಸಿಗದೇ ಹೋದರೆ ವಿದ್ಯಾಸಿರಿ ಇದೆ. ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000, ಅರ್ಜಿ ssp.postmatric.karnataka.gov.in ನಲ್ಲಿ. ಹಾಸ್ಟೆಲ್ಲಿನಲ್ಲಿ ಇರುವವರಿಗೆ ಇದು ಇಲ್ಲ. ಮೊತ್ತ ಎರಡೂ ಊರಿಗೆ ಒಂದೇ. ಧಾರವಾಡದ 6,500ರಲ್ಲಿ ಅದು ಹೆಚ್ಚುಕಡಿಮೆ ಕಾಲು ಭಾಗ ಹೊರ್ತದೆ, ಬೆಂಗಳೂರಿನ 10,500ರಲ್ಲಿ ಏಳನೇ ಒಂದು ಭಾಗ. ದುಡ್ಡು ನಿಲ್ಲೋದು ಬಹಳ ಸಲ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರದ ಕಾರಣಕ್ಕೆ. ಜಾತಿ-ಆದಾಯ ಪ್ರಮಾಣಪತ್ರದ ಆರ್.ಡಿ. ನಂಬರ್ ಚಾಲ್ತಿಯಲ್ಲಿದೆಯಾ ಅಂತ ನಾಡಕಚೇರಿಯಲ್ಲಿ ಈಗಲೇ ನೋಡಿಸಿಕೊಳ್ಳಿ. ಸೀಟು ಸಿಕ್ಕ ಮೇಲೆ ಆನವಟ್ಟಿಗೂ ಧಾರವಾಡಕ್ಕೂ ಓಡಾಡೋದು ಬೇಡ. ಅಂದಹಾಗೆ, ಓದು ಮುಂದುವರಿಸಿದವರಿಗೆ ಯುವನಿಧಿಯ 3,000 ಬರೋದಿಲ್ಲ. ಅದನ್ನೂ ಸೇರಿಸಿ ಲೆಕ್ಕ ಹಾಕಿದ ಮನೆಗಳುಂಟು.

ಓಡಾಟದ ವಿಷಯ. ಶಕ್ತಿ ಯೋಜನೆ ಇರೋದರಿಂದ ಹುಡುಗಿಯರಿಗೆ ಎರಡೂ ಊರಿನ ಸಾಮಾನ್ಯ ಬಸ್ಸು ಉಚಿತ, ಊರಿಗೆ ಬರುವ ವೇಗದೂತವೂ ಉಚಿತ. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸಿಗೆ ಇಲ್ಲ, ಬೆಂಗಳೂರಿನ ಮೆಟ್ರೋಕ್ಕೂ ಇಲ್ಲ. ಮೆಟ್ರೋ ದರ 2025ರ ಫೆಬ್ರವರಿಯಲ್ಲಿ ಏರಿ ಗರಿಷ್ಠ ಟಿಕೆಟ್ 90 ರೂಪಾಯಿ ಮುಟ್ಟಿತು. ಹುಡುಗರಾದರೆ ಎರಡೂ ಕಡೆ ಪಾಸಿನ ದುಡ್ಡು ಸೇರಿಸಿಕೊಳ್ಳಿ.

'ಬೆಂಗಳೂರು' ಅಂದರೆ ಯಾವುದು ಅನ್ನೋದೂ ಮುಖ್ಯ. ಹಳೇ ಬೆಂಗಳೂರು ವಿಶ್ವವಿದ್ಯಾಲಯ ಒಡೆದು ಮೂರಾಗಿದೆ. ಜ್ಞಾನಭಾರತಿ ಮೈಸೂರು ರಸ್ತೆ ಕಡೆ, ಇನ್ನೊಂದು ಮೆಜೆಸ್ಟಿಕ್ಕಿಗೆ ಹತ್ತಿರದ ಸೆಂಟ್ರಲ್ ಕಾಲೇಜಿನಲ್ಲಿ, ಮೂರನೆಯದಾದ ಬೆಂಗಳೂರು ಉತ್ತರ ವಿ.ವಿ. ಇರೋದು ಕೋಲಾರದ ಹತ್ತಿರ. ಸೀಟು ಯಾವುದರಲ್ಲಿ ಅಂತ ನೋಡದೆ ನೆಂಟರ ಮನೆ ಹತ್ತಿರ ಅಂತ ಒಪ್ಪಿಕೊಂಡರೆ ಕಷ್ಟ.

ಹಾಗಂತ ಬೆಂಗಳೂರು ಬೇಡವೇ ಬೇಡ ಅಂತಲ್ಲ. ಊಟ ಹಾಕೋ ನೆಂಟರ ಮನೆ ಕ್ಯಾಂಪಸ್ಸಿಗೆ ಹತ್ತಿರ ಇದ್ದರೆ ಲೆಕ್ಕವೇ ತಿರುಗ್ತದೆ. ಟ್ಯಾಲಿ, ಜಿಎಸ್‌ಟಿ ರಿಟರ್ನ್ ಗೊತ್ತಿರುವ ಹುಡುಗಿಗೆ ಆಡಿಟರ್ ಆಫೀಸಿನಲ್ಲಿ ರಜಾ ದಿನಗಳ ಕೆಲಸ ಸಿಕ್ಕರೆ ಸಂಬಳ ಕಡಿಮೆಯಾದರೂ ಹಿಡಿಯಬಹುದು, ಓದಿಗೆ ಸಂಬಂಧಪಟ್ಟ ಕೆಲಸ ಅದು. ಹಾಸ್ಟೆಲ್ ಬಾಗಿಲಿನ ಸಮಯಕ್ಕೂ ಅದು ಅಡ್ಡ ಬರೋದಿಲ್ಲ. ಇವೆರಡೂ ಇಲ್ಲ, ಹಾಸ್ಟೆಲ್ಲೂ ಖಾತ್ರಿ ಇಲ್ಲ ಅಂದರೆ ನಾವಾದರೆ ಧಾರವಾಡದ ಸೀಟಿಗೇ ಫೀಸು ಕಟ್ಟುತ್ತಿದ್ದೆವು.